ವ್ಯಾಪಾರ ಏರಿದ್ದು ಹಬ್ಬಕ್ಕೋ, ಜಾಹೀರಾತಿಗೋ?

ದೀಪಾವಳಿಗೆ ಜಾಹೀರಾತು ಕೊಟ್ಟ ಬಟ್ಟೆ ಅಂಗಡಿಯವರು ಹಬ್ಬ ಮುಗಿದ ಮೇಲೆ ಲೆಕ್ಕ ತೆಗೆದು ನೋಡುತ್ತಾರೆ. ವ್ಯಾಪಾರ ಏರಿರುತ್ತದೆ. ಹಾಕಿದ ದುಡ್ಡು ದುಡಿಯಿತು ಎಂದು ಮುಂದಿನ ವರ್ಷಕ್ಕೂ ಅಷ್ಟೇ ಹಣ ತೆಗೆದಿಡುತ್ತಾರೆ. ಆದರೆ ಜಾಹೀರಾತು ಕೊಡದಿದ್ದರೂ ದೀಪಾವಳಿಗೆ ಬಟ್ಟೆ ವ್ಯಾಪಾರ ಏರುತ್ತದೆ. ಏರಿಕೆಯಲ್ಲಿ ಹಬ್ಬದ ಪಾಲೆಷ್ಟು, ಜಾಹೀರಾತಿನ ಪಾಲೆಷ್ಟು ಎಂದು ಬಿಡಿಸಿ ನೋಡದೆ ದುಡ್ಡು ದುಡಿಯಿತೋ ಇಲ್ಲವೋ ಹೇಳಲಾಗದು.

ದೊಡ್ಡ ಕಂಪನಿಗಳು ಇದಕ್ಕಾಗಿ ಪ್ರಯೋಗ ನಡೆಸುತ್ತವೆ. ಹತ್ತಾರು ಊರುಗಳಲ್ಲಿ ಚೀಟಿ ಎತ್ತಿದಂತೆ ಅರ್ಧವನ್ನು ಆರಿಸಿ, ಅಲ್ಲಿ ಮಾತ್ರ ಜಾಹೀರಾತು ಹಾಕಿ ನೋಡುತ್ತವೆ. ಮೂರು ಊರಲ್ಲಿ ಅಂಗಡಿ ಇರುವವರಿಗೆ ಅದು ಸಾಧ್ಯವಿಲ್ಲ. ಜಾಹೀರಾತು ಆಗಲೇ ಮುಗಿದಿದ್ದರಂತೂ ಪ್ರಯೋಗದ ಮಾತೇ ಇಲ್ಲ. ಆಗ ಉಳಿಯುವ ದಾರಿ ಹೋಲಿಕೆ. ಯಾವುದನ್ನು ಯಾವುದಕ್ಕೆ ಹೋಲಿಸುತ್ತೇವೆ ಎಂಬುದರ ಮೇಲೆ ಉತ್ತರ ಪೂರ್ತಿ ತಿರುಗಿಬಿಡುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಇದರಲ್ಲಿ ಅಂಗಡಿ, ವ್ಯಾಪಾರದ ಅಂಕಿಗಳು ಉದಾಹರಣೆಗೆಂದು ಕಟ್ಟಿದವು. ಹಬ್ಬದ ದಿನಾಂಕಗಳು ನಿಜವಾದವು.

ಒಬ್ಬ ವ್ಯಾಪಾರಿಗೆ ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗಗಳಲ್ಲಿ ಒಂದೊಂದು ಬಟ್ಟೆ ಅಂಗಡಿ ಇದೆ ಎಂದುಕೊಳ್ಳಿ. 2024ರಲ್ಲಿ ಬಲಿಪಾಡ್ಯಮಿ ನವೆಂಬರ್ 2ಕ್ಕೆ ಬಿತ್ತು. ಅದಕ್ಕೆ ಮುಂಚಿನ ನಾಲ್ಕು ವಾರ ಅವರು ದಾವಣಗೆರೆಯಲ್ಲಿ ಮಾತ್ರ ಪತ್ರಿಕೆಯೊಳಗೆ ಕರಪತ್ರ ಇಡಿಸಿದರು, ಫ್ಲೆಕ್ಸ್ ಕಟ್ಟಿಸಿದರು, ಆಟೋದಲ್ಲಿ ಮೈಕ್ ಕೂಗಿಸಿದರು. ಒಟ್ಟು ಖರ್ಚು ಒಂದೂವರೆ ಲಕ್ಷ. ದಾವಣಗೆರೆ ಅಂಗಡಿಯ ವಾರದ ವ್ಯಾಪಾರ ಅದಕ್ಕೂ ಹಿಂದಿನ ನಾಲ್ಕು ವಾರಗಳಲ್ಲಿ ಸರಾಸರಿ 10 ಲಕ್ಷ ಇತ್ತು, ಜಾಹೀರಾತಿನ ವಾರಗಳಲ್ಲಿ 15 ಲಕ್ಷಕ್ಕೆ ಏರಿತು. ವಾರಕ್ಕೆ 5 ಲಕ್ಷದಂತೆ ನಾಲ್ಕು ವಾರಕ್ಕೆ 20 ಲಕ್ಷ ಹೆಚ್ಚುವರಿ. ನೂರಕ್ಕೆ ಇಪ್ಪತ್ತು ರೂಪಾಯಿ ಲಾಭ ಹಿಡಿದರೆ 4 ಲಕ್ಷ ಗಿಟ್ಟಿತು. ಒಂದೂವರೆ ಲಕ್ಷ ಹಾಕಿ 4 ಲಕ್ಷ ತೆಗೆದಂತೆ ಕಾಣುತ್ತದೆ.

ಆ ‘ಹಿಂದಿನ ನಾಲ್ಕು ವಾರ’ ಎಂಥವು ಎಂದು ಪಂಚಾಂಗ ತೆಗೆದು ನೋಡಬೇಕು. ಅವು ಸೆಪ್ಟೆಂಬರ್ 8ರಿಂದ ಅಕ್ಟೋಬರ್ 5ರವರೆಗಿನ ವಾರಗಳು. ಗೌರಿ-ಗಣೇಶ ಆಗಷ್ಟೇ ಮುಗಿದಿತ್ತು, ನಡುವೆ ಪಿತೃಪಕ್ಷ ಬಂತು, ಅಕ್ಟೋಬರ್ 2ಕ್ಕೆ ಮಹಾಲಯ ಅಮಾವಾಸ್ಯೆ. ಪಿತೃಪಕ್ಷದಲ್ಲಿ ಹೊಸ ಬಟ್ಟೆ ಕೊಳ್ಳಲು ಎಷ್ಟೋ ಮನೆಯವರು ಹಿಂಜರಿಯುತ್ತಾರೆ. ನಂತರದ ನಾಲ್ಕು ವಾರಗಳಲ್ಲಿ ವಿಜಯದಶಮಿ, ದೀಪಾವಳಿ ಎರಡೂ ಇದ್ದವು. ಡಲ್ ಸೀಸನ್ನನ್ನು ಹಬ್ಬದ ಸೀಸನ್ನಿಗೆ ಹೋಲಿಸಿ, ಸಿಕ್ಕ ವ್ಯತ್ಯಾಸವನ್ನೆಲ್ಲ ಜಾಹೀರಾತಿನ ಖಾತೆಗೆ ಬರೆದಂತಾಯಿತು.

ಹಾಗಾದರೆ ಹೋದ ವರ್ಷದ ದೀಪಾವಳಿಗೆ ಹೋಲಿಸೋಣವೇ? 2023ರಲ್ಲಿ ಬಲಿಪಾಡ್ಯಮಿ ನವೆಂಬರ್ 14ಕ್ಕೆ ಇದ್ದುದರಿಂದ ಅಕ್ಟೋಬರ್‌ಗೆ ಅಕ್ಟೋಬರ್ ಇಟ್ಟರೆ ಹಬ್ಬದ ವಾರಗಳೇ ತಾಳೆಯಾಗುವುದಿಲ್ಲ; ಹಬ್ಬದಿಂದ ಹಿಂದಕ್ಕೆ ವಾರಗಳನ್ನು ಎಣಿಸಬೇಕು. ಹಾಗೆ ಎಣಿಸಿದರೂ 2023 ರಾಜ್ಯಕ್ಕೆ ಬರದ ವರ್ಷ. ಮಳೆ ಬಂದ ವರ್ಷದ ವ್ಯಾಪಾರವನ್ನು ಬರದ ವರ್ಷದ್ದಕ್ಕೆ ಹೋಲಿಸಿದರೆ ಮಳೆಯ ಪಾಲೂ ಜಾಹೀರಾತಿಗೇ ಸಲ್ಲುತ್ತದೆ.

ನಮಗೆ ನಿಜವಾಗಿ ಬೇಕಾಗಿರುವುದು ಬೇರೆಯೇ ಅಂಕಿ: ಇದೇ ವಾರಗಳಲ್ಲಿ, ಇದೇ ಅಂಗಡಿಯಲ್ಲಿ, ಜಾಹೀರಾತು ಇಲ್ಲದಿದ್ದರೆ ಎಷ್ಟು ವ್ಯಾಪಾರ ಆಗುತ್ತಿತ್ತು? ಅದು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅಂದಾಜು ಮಾಡಬೇಕು. ಆ ಅಂದಾಜಿಗೆ ಆಧಾರ ಜಾಹೀರಾತು ಕಾಣದ ಎರಡು ಅಂಗಡಿಗಳು. ಹಬ್ಬ, ಪಿತೃಪಕ್ಷ, ಮಳೆ ಎಲ್ಲವೂ ಅವಕ್ಕೂ ಒಂದೇ.

ಅದೇ ಅವಧಿಯಲ್ಲಿ ಶಿವಮೊಗ್ಗದ ವಾರದ ವ್ಯಾಪಾರ 12 ಲಕ್ಷದಿಂದ 16.8 ಲಕ್ಷಕ್ಕೆ, ಅಂದರೆ ಶೇ 40 ಏರಿತು. ಚಿತ್ರದುರ್ಗದ್ದು 6 ಲಕ್ಷದಿಂದ 7.8 ಲಕ್ಷಕ್ಕೆ, ಶೇ 30. ಅಂಗಡಿಗಳ ಗಾತ್ರ ಬೇರೆ ಬೇರೆ ಇರುವುದರಿಂದ ರೂಪಾಯಿಗಿಂತ ಶೇಕಡಾ ಲೆಕ್ಕವೇ ಸರಿ. ಎರಡರ ಸರಾಸರಿ ಶೇ 35. ದಾವಣಗೆರೆಯೂ ಅಷ್ಟೇ ಏರಿದ್ದರೆ 13.5 ಲಕ್ಷ ಆಗುತ್ತಿತ್ತು; ಆದದ್ದು 15 ಲಕ್ಷ. ಜಾಹೀರಾತಿನ ಪಾಲು ವಾರಕ್ಕೆ ಒಂದೂವರೆ ಲಕ್ಷ, ನಾಲ್ಕು ವಾರಕ್ಕೆ 6 ಲಕ್ಷ. ಅದರ ಮೇಲಿನ ಲಾಭ 1.2 ಲಕ್ಷ. ಖರ್ಚು ಒಂದೂವರೆ ಲಕ್ಷ. ಭರ್ಜರಿ ಲಾಭ ಎಂದುಕೊಂಡದ್ದು ಮೂವತ್ತು ಸಾವಿರದ ನಷ್ಟವಾಯಿತು.

ಈ ಬಗೆಯ ಲೆಕ್ಕ ಹಳೆಯದು. ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ನೀರಿನಿಂದ ಹರಡುತ್ತದೆ ಎಂದು ತೋರಿಸಿದ್ದೂ ಹೀಗೆಯೇ. ಎರಡು ನೀರಿನ ಕಂಪನಿಗಳು ಥೇಮ್ಸ್ ನದಿಯ ಕೊಳಕು ಭಾಗದಿಂದಲೇ ನೀರು ಎತ್ತುತ್ತಿದ್ದವು. 1852ರಲ್ಲಿ ಲ್ಯಾಂಬೆತ್ ಕಂಪನಿ ಮಾತ್ರ ನದಿಯ ಮೇಲ್ಭಾಗಕ್ಕೆ ಹೋಯಿತು. 1849ರ ಮತ್ತು 1854ರ ಕಾಲರಾ ಸಾವುಗಳನ್ನು ಎರಡೂ ಕಂಪನಿಗಳ ಪ್ರದೇಶದಲ್ಲಿ ಸ್ನೋ ಹೋಲಿಸಿದರು. ಇಲ್ಲಿ ಕಂಪನಿಯ ಬದಲು ಅಂಗಡಿ, ನೀರಿನ ಬದಲು ಜಾಹೀರಾತು.

ಈ ಲೆಕ್ಕ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಜಾಹೀರಾತು ಇಲ್ಲದಿದ್ದರೆ ಮೂರೂ ಅಂಗಡಿಗಳು ಹೆಚ್ಚುಕಡಿಮೆ ಒಟ್ಟಿಗೇ ಏರುತ್ತಿದ್ದವು. ಇದನ್ನು ಪರೀಕ್ಷಿಸಲು ಹಳೆಯ ಲೆಕ್ಕ ತೆಗೆಯಬೇಕು. ಎಲ್ಲೂ ಜಾಹೀರಾತು ಇಲ್ಲದ 2023ರ ದೀಪಾವಳಿಯಲ್ಲೂ ದಾವಣಗೆರೆ ಉಳಿದೆರಡರಷ್ಟೇ ಏರಿದ್ದರೆ ನಂಬಬಹುದು. ಆಗಲೂ ಅಲ್ಲಿ ಶೇ 45 ಏರಿ, ಉಳಿದೆಡೆ ಶೇ 35 ಮಾತ್ರ ಏರಿದ್ದರೆ, ಹಬ್ಬಕ್ಕೆ ಹೆಚ್ಚು ಏರುವುದು ಆ ಊರಿನ ರೂಢಿ. ನಾವು ಕಂಡ 15 ಅಂಶಗಳ ಅಂತರದಲ್ಲಿ 10 ಆ ರೂಢಿಗೇ ಹೋಗುತ್ತದೆ.

ಹೋಲಿಕೆಯ ಊರನ್ನು ಆರಿಸುವಾಗ ಎರಡು ಕಡೆ ಎಡವುತ್ತಾರೆ. ಒಂದು, ತೀರ ಹತ್ತಿರದ ಊರು. ಹರಿಹರದವರು ಬಟ್ಟೆ ಕೊಳ್ಳಲು ದಾವಣಗೆರೆಗೇ ಬರುತ್ತಾರೆ, ಅಲ್ಲಿನ ಫ್ಲೆಕ್ಸ್ ನೋಡುತ್ತಾರೆ. ಹರಿಹರದ ಗಿರಾಕಿಯೇ ದಾವಣಗೆರೆ ಅಂಗಡಿಗೆ ಬಂದರೆ ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿ, ಜಾಹೀರಾತಿನ ಫಲ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇನ್ನೊಂದು, ಬೇರೆಯೇ ಪರಿಸ್ಥಿತಿಯ ಊರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು. ಆ ಹೊತ್ತಿನ ಜಾಹೀರಾತನ್ನು ಅಳೆಯಲು ಗಡಿಯಾಚೆಯ ಹಿಂದೂಪುರದ ಅಂಗಡಿಯನ್ನು ಇಟ್ಟುಕೊಂಡರೆ, ಪೇಟೆಗೆ ಬಂದ ಹೆಚ್ಚಿನ ಜನ ಬಸ್ಸಿನಿಂದ ಬಂದರೋ ಜಾಹೀರಾತಿನಿಂದ ಬಂದರೋ ತಿಳಿಯುವುದಿಲ್ಲ.

ದಾವಣಗೆರೆಯನ್ನೇ ಆರಿಸಿದ್ದು ಯಾಕೆ ಎಂಬುದನ್ನೂ ಕೇಳಬೇಕು. ಎದುರಿನ ರಸ್ತೆ ಅಗೆದು ಸೆಪ್ಟೆಂಬರ್ ವ್ಯಾಪಾರ ಬಿದ್ದಿತ್ತು, ಅದಕ್ಕೇ ಜಾಹೀರಾತು ಕೊಟ್ಟೆವು ಎಂದಾದರೆ, ರಸ್ತೆ ಸರಿಯಾದ ಮೇಲೆ ವ್ಯಾಪಾರ ತಾನಾಗಿಯೇ ಏಳುತ್ತಿತ್ತು. ಆಗ ‘ಹಿಂದಿನ’ ಅವಧಿಯನ್ನು ರಸ್ತೆ ಅಗೆಯುವುದಕ್ಕೂ ಮುಂಚಿನ ವಾರಗಳಿಂದ ತೆಗೆದುಕೊಂಡು, ಮೂರೂ ಅಂಗಡಿಗೆ ಅದೇ ವಾರಗಳನ್ನು ಇಡಬೇಕು. ಹಬ್ಬದ ನಂತರದ ಐದಾರು ವಾರಗಳನ್ನೂ ನೋಡಬೇಕು. ಮದುವೆಗೆಂದು ಡಿಸೆಂಬರ್‌ನಲ್ಲಿ ಕೊಳ್ಳಬೇಕಿದ್ದ ಸೀರೆಯನ್ನು ಜನ ಅಕ್ಟೋಬರ್‌ನಲ್ಲೇ ಕೊಂಡಿದ್ದರೆ, ಆ 6 ಲಕ್ಷದಲ್ಲಿ ಒಂದಿಷ್ಟು ಹೊಸ ವ್ಯಾಪಾರವಲ್ಲ.

ಇಷ್ಟೆಲ್ಲ ಸರಿಯಾಗಿದ್ದರೂ ಆ 6 ಲಕ್ಷ ಎಷ್ಟು ಗಟ್ಟಿ? ಜಾಹೀರಾತೇ ಇಲ್ಲದ ಶಿವಮೊಗ್ಗಕ್ಕೂ ಚಿತ್ರದುರ್ಗಕ್ಕೂ ನಡುವೆ 10 ಅಂಶಗಳ ಅಂತರವಿತ್ತು. ಸುಮ್ಮನಿದ್ದ ಅಂಗಡಿಗಳ ನಡುವೆಯೇ ಇಷ್ಟು ಏರುಪೇರು ಇರುವಾಗ 15 ಅಂಶಗಳ ಅಂತರ ಜಾಹೀರಾತಿನದೇ ಎಂದು ಗಟ್ಟಿಯಾಗಿ ಹೇಳಲಾಗದು. ಶಿವಮೊಗ್ಗವನ್ನು ಮಾತ್ರ ಹೋಲಿಕೆಗೆ ಇಟ್ಟುಕೊಂಡರೆ ಲಾಭ ಬರೀ 80 ಸಾವಿರ. ಚಿತ್ರದುರ್ಗವನ್ನು ಮಾತ್ರ ಇಟ್ಟುಕೊಂಡರೆ 1.6 ಲಕ್ಷ. ಪ್ರಾಮಾಣಿಕ ಉತ್ತರ ಒಂದು ಅಂಕಿಯಲ್ಲ, ಈ ಹರವು: ಹೆಚ್ಚೆಂದರೆ ಖರ್ಚು ಹುಟ್ಟಿರಬಹುದು, ಹುಟ್ಟದೆಯೂ ಇರಬಹುದು.

ಲೆಕ್ಕ ಕೈಗೆ ಬಂದ ಮೇಲೆ ಚಿತ್ರದುರ್ಗವೇ ಸರಿಯಾದ ಹೋಲಿಕೆ ಎಂದು ವಾದಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ, ಯಾಕೆಂದರೆ ಅದೊಂದೇ ಲಾಭ ತೋರಿಸುತ್ತದೆ. ಅದಕ್ಕೇ ಯಾವ ಅಂಗಡಿಗೆ, ಯಾವ ವಾರಗಳಿಗೆ ಹೋಲಿಸುತ್ತೇವೆ ಎಂಬುದನ್ನು ಕರಪತ್ರ ಅಚ್ಚಿಗೆ ಹೋಗುವ ಮೊದಲೇ ಬರೆದಿಡಬೇಕು. ಜೊತೆಗೆ ಇನ್ನೊಂದು ಅಂಕಿಯನ್ನೂ ಬರೆದಿಡಬೇಕು: ಶೇ 20ರ ಲಾಭದಲ್ಲಿ ಒಂದೂವರೆ ಲಕ್ಷ ಹುಟ್ಟಬೇಕಾದರೆ ಏಳೂವರೆ ಲಕ್ಷದ ಹೆಚ್ಚುವರಿ ವ್ಯಾಪಾರ ಆಗಲೇಬೇಕು. ಹಬ್ಬ ಮುಗಿದ ಮೇಲೆ ಹೋಲಿಕೆಯ ಲೆಕ್ಕವನ್ನು ಈ ಗೆರೆಯ ಪಕ್ಕ ಇಟ್ಟು ನೋಡಿದರೆ, ಮುಂದಿನ ವರ್ಷ ಅಷ್ಟೇ ಖರ್ಚು ಮಾಡಬೇಕೋ ಕಡಿಮೆ ಮಾಡಬೇಕೋ ನಿರ್ಧರಿಸಬಹುದು.