ಹಳೆಯ ಪ್ಯಾಕೆಟ್, ಹೊಸ ಒಕ್ಕಣೆ

2009ರ ಜನವರಿಯಲ್ಲಿ ಅಮೆರಿಕದ ಅಂಗಡಿಗಳಿಗೆ ಟ್ರೋಪಿಕಾನಾ ಕಿತ್ತಳೆ ರಸ ಹೊಸ ಪ್ಯಾಕಿನಲ್ಲಿ ಬಂತು. ಹಳೆಯ ಪ್ಯಾಕಿನ ಮೇಲೆ ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಚಿತ್ರವಿತ್ತು. ಹೊಸದರಲ್ಲಿ ಅದರ ಬದಲು ಒಂದು ಲೋಟ ರಸ ಬಂತು, ಅಡ್ಡಲಾಗಿದ್ದ ಹೆಸರು ಉದ್ದಕ್ಕೆ ನಿಂತಿತು, ಅಕ್ಷರಗಳ ಶೈಲಿ ಬದಲಾಯಿತು. ಒಳಗಿದ್ದ ರಸ ಮಾತ್ರ ಮೊದಲಿನದೇ. ಆದರೂ ಎರಡು ತಿಂಗಳು ತುಂಬುವುದರೊಳಗೆ ಮಾರಾಟ ಸುಮಾರು ಶೇ. 20ರಷ್ಟು ಕುಸಿಯಿತು ಎಂದು ಅಲ್ಲಿನ ಜಾಹೀರಾತು ಪತ್ರಿಕೆ ವರದಿ ಮಾಡಿತು. ಫೆಬ್ರುವರಿ ಮುಗಿಯುವ ಮೊದಲೇ ಕಂಪನಿ ಹಳೆಯ ಪ್ಯಾಕನ್ನೇ ವಾಪಸು ತರುವುದಾಗಿ ಘೋಷಿಸಬೇಕಾಯಿತು.

ಇದನ್ನು ಕೇಳಿದ ಹಳೆಯ ಕಂಪನಿಗಳ ಯಜಮಾನರು ಸಾಮಾನ್ಯವಾಗಿ ತೆಗೆಯುವ ತೀರ್ಮಾನ, ಹಳೆಯದನ್ನು ಮುಟ್ಟುವುದೇ ಬೇಡ ಎಂಬುದು. ಆದರೆ ಅದೂ ನಡೆಯುವುದಿಲ್ಲ. ಐವತ್ತು ವರ್ಷದ ಹಿಂದೆ ಬರೆದ ಸಾಲುಗಳಲ್ಲಿ ಕೆಲವು ಇಂದಿನವರಿಗೆ ಅರ್ಥವಾಗುವುದಿಲ್ಲ, ಕೆಲವು ಇರಿಸುಮುರಿಸು ತರುತ್ತವೆ, ಇನ್ನು ಕೆಲವನ್ನು ಕಾನೂನೇ ಒಪ್ಪುವುದಿಲ್ಲ. ಬದಲಾಯಿಸಬೇಕು ನಿಜ. ಯಾವುದನ್ನು, ಎಷ್ಟು ಎಂಬುದೇ ಕೆಲಸ.

ಕಲ್ಪಿತ ಪೊಟ್ಟಣವೊಂದನ್ನು ಎದುರಿಗಿಟ್ಟುಕೊಂಡು ಈ ಕೆಲಸವನ್ನು ನೋಡೋಣ. ಹಳೇ ಮೈಸೂರು ಕಡೆಯ ಒಂದು ಮನೆತನ 1970ರ ದಶಕದಿಂದ ಮಾರುತ್ತಿರುವ ಹುಳಿಪುಡಿ. ಹಳದಿ ಪ್ಯಾಕೆಟ್. ಮುಂದೆ ಪೇಟ ಕಟ್ಟಿದ ಸ್ಥಾಪಕರ ಫೋಟೋ, ಅದರ ಕೆಳಗೆ ‘ಶುದ್ಧ ಹುಳಿಪುಡಿ’, ಅದರ ಕೆಳಗೆ ‘ಅತ್ತೆ ಮೆಚ್ಚುವ ಸೊಸೆಯ ಹುಳಿ’. ಹಿಂದೆ ಬಳಸುವ ಕ್ರಮ: ‘ಒಂದು ಪಾವು ತೊಗರಿಬೇಳೆಯನ್ನು ಹದವಾಗಿ ಬೇಯಿಸಿ, ಸಾಕಷ್ಟು ಪುಡಿಯನ್ನು ಹುಣಿಸೇರಸದಲ್ಲಿ ಕದಡಿ ಬೆರೆಸಿ, ಚೆನ್ನಾಗಿ ಕುದಿದ ಮೇಲೆ ಇಳಿಸತಕ್ಕದ್ದು.’ ಕೊನೆಯಲ್ಲಿ, ‘ನಕಲಿಗೆ ಮೋಸಹೋಗದಿರಿ, ನಮಗೆ ಬೇರೆಲ್ಲೂ ಬ್ರಾಂಚ್ ಇಲ್ಲ.’

ಕಂಪನಿಯ ಹೊಸ ತಲೆಮಾರಿಗೆ ಇದೆಲ್ಲ ಹಳಸಲು ಅನ್ನಿಸುತ್ತದೆ. ಆದರೆ ಪೆನ್ನು ಎತ್ತಿಕೊಳ್ಳುವ ಮೊದಲು ಕೆಲವು ದಿನ ದಿನಸಿ ಅಂಗಡಿಯಲ್ಲಿ ನಿಲ್ಲುವುದು ಒಳ್ಳೆಯದು. ಅಲ್ಲಿ ಯಾರೂ ಕಂಪನಿಯ ಹೆಸರು ಹೇಳುವುದಿಲ್ಲ. “ಅಣ್ಣಾ, ಪೇಟದ ತಾತನ ಹುಳಿಪುಡಿ ಕೊಡಿ” ಅನ್ನುತ್ತಾರೆ, “ಆ ಹಳದಿ ಪ್ಯಾಕೆಟ್” ಅನ್ನುತ್ತಾರೆ. ಮೂವತ್ತು ವರ್ಷದಿಂದ ಕೊಳ್ಳುತ್ತಿರುವವರು ಪ್ಯಾಕೆಟ್ಟನ್ನು ಓದುವುದಿಲ್ಲ, ಗುರುತು ಹಿಡಿಯುತ್ತಾರೆ. ಆದ್ದರಿಂದ ಪ್ಯಾಕೆಟ್ಟಿನ ಮೇಲಿನ ಅಕ್ಷರಗಳಲ್ಲಿ ಎರಡು ಜಾತಿ: ಕಣ್ಣು ಗುರುತು ಹಿಡಿಯುವಂಥವು, ತಲೆ ಓದಿಕೊಳ್ಳುವಂಥವು. ಮೊದಲನೆಯವನ್ನು ಕಾಪಾಡಬೇಕು, ಎರಡನೆಯವನ್ನು ಧೈರ್ಯವಾಗಿ ತಿದ್ದಬೇಕು. ಟ್ರೋಪಿಕಾನಾ ಎಡವಿದ್ದು ಗುರುತಿನ ವಿಚಾರದಲ್ಲಿ. ಹಣ್ಣು, ಸ್ಟ್ರಾ, ಹೆಸರು ನಿಂತ ರೀತಿ ಎಲ್ಲವನ್ನೂ ಅದು ಒಂದೇ ಏಟಿಗೆ ತೆಗೆದುಹಾಕಿತ್ತು.

ಯಾವುದು ಯಾವ ಜಾತಿ ಎಂದು ಕಚೇರಿಯಲ್ಲಿ ಕುಳಿತು ಊಹಿಸಬೇಕಾಗಿಲ್ಲ, ಒಂದು ಸುಲಭದ ಪರೀಕ್ಷೆಯಿದೆ. ಹಳೆಯ ಗಿರಾಕಿಗಳ ಕೈಗೆ ಖಾಲಿ ಕಾಗದ ಕೊಟ್ಟು, ಪ್ಯಾಕೆಟ್ ತೋರಿಸದೆ, ಅದರ ಮೇಲೆ ಏನೇನಿದೆ ಎಂದು ಬರೆಯಲೋ ಹೇಳಲೋ ಕೇಳುವುದು. ಹತ್ತಾರು ಜನರನ್ನು ಕೇಳುವಷ್ಟರಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಹಳದಿ ಬಣ್ಣ, ಪೇಟ, ‘ಹುಳಿಪುಡಿ’ ಎಂಬ ಹೆಸರು ಬಹುತೇಕ ಎಲ್ಲರಿಗೂ ನೆನಪಿದೆ ಎಂದುಕೊಳ್ಳೋಣ. ಬ್ರಾಂಚ್ ಇಲ್ಲದ ಸಾಲನ್ನು ಹಲವರು ನಗುತ್ತಾ ಹೇಳುತ್ತಾರೆ, ಅತ್ತೆ ಸೊಸೆಯ ಸಾಲನ್ನು ಅರ್ಧಂಬರ್ಧ ಹೇಳುತ್ತಾರೆ. ಬಳಸುವ ಕ್ರಮದ ಒಂದು ಶಬ್ದವೂ ಯಾರಿಗೂ ನೆನಪಿಲ್ಲ. ತಿದ್ದುಪಡಿ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಉತ್ತರ ಇಲ್ಲೇ ಸಿಕ್ಕಿತು. ಯಾರೂ ನೆನಪಿಟ್ಟುಕೊಳ್ಳದ ಸಾಲನ್ನು ಬದಲಾಯಿಸಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಹಾಗಾಗಿ ಮೊದಲು ಬಳಸುವ ಕ್ರಮ. ಹಳೆಯ ಗಿರಾಕಿಗೆ ಅದು ಬೇಕಾಗಿಯೇ ಇಲ್ಲ, ಆಕೆಯ ಕೈಗೆ ಅಳತೆ ಗೊತ್ತು. ಅದನ್ನು ಓದುವವರು ಹೊಸಬರು: ಓದಲು ಬೇರೆ ಊರಿಗೆ ಹೋಗಿರುವ ಮಗ, ಹೊಸದಾಗಿ ಬಾಡಿಗೆ ಮನೆ ಮಾಡಿದ ದಂಪತಿ. ಪಾವು ಅವರ ಮನೆಯಲ್ಲಿಲ್ಲ. ‘ಸಾಕಷ್ಟು’ ಎಂದರೆ ಎಷ್ಟು ಎಂದು ಹೇಳಿಕೊಡುವವರು ಪಕ್ಕದಲ್ಲಿಲ್ಲ. ಮೇಲಾಗಿ ಒಂದು ಪಾವು ಬೇಳೆ ತುಂಬಿದ ಮನೆಯ ಅಳತೆ, ಈಗಿನವರು ಮೂವರಿಗೋ ನಾಲ್ವರಿಗೋ ಮಾಡುವವರು. ಹೊಸ ಒಕ್ಕಣೆ ಹೀಗಿರಬಹುದು: ‘ನಾಲ್ವರಿಗೆ: ಅರ್ಧ ಕಪ್ (100 ಗ್ರಾಂ) ತೊಗರಿಬೇಳೆ ಬೇಯಿಸಿಕೊಳ್ಳಿ. ತರಕಾರಿಯನ್ನು ಬೇರೆ ಬೇಯಿಸಿ. ನಿಂಬೆ ಗಾತ್ರದ ಹುಣಿಸೆಹಣ್ಣಿನ ರಸ, ಎರಡು ದೊಡ್ಡ ಚಮಚ ಪುಡಿ, ರುಚಿಗೆ ಉಪ್ಪು ಸೇರಿಸಿ ಹತ್ತು ನಿಮಿಷ ಕುದಿಸಿ. ಒಗ್ಗರಣೆ ಕೊಡಿ.’ ಬರೆದು ಮುಗಿಸಿದರೆ ಸಾಲದು. ಹುಳಿ ಮಾಡಿ ಗೊತ್ತಿಲ್ಲದ ಒಬ್ಬರ ಕೈಗೆ ಪ್ಯಾಕೆಟ್ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ನಿಲ್ಲಬೇಕು. ಅವರು ಎಲ್ಲಿ ತಡೆದು “ಈಗ ಏನು ಮಾಡೋದು?” ಎಂದು ಮುಖ ನೋಡುತ್ತಾರೋ ಆ ಸಾಲು ಇನ್ನೂ ಸರಿಯಾಗಿಲ್ಲ.

ಎರಡನೆಯದು ಕಾನೂನು ಮುಟ್ಟುವ ಶಬ್ದಗಳು. ಇಲ್ಲಿ ಅಭಿಮಾನಕ್ಕೆ ಜಾಗವಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ನಿಯಮಾವಳಿ ತಂದಿತು. ಅದರ ಪ್ರಕಾರ ‘ಶುದ್ಧ’ ಎನ್ನಬಹುದಾದದ್ದು ಬೇರೇನೂ ಸೇರದ, ಒಂದೇ ಪದಾರ್ಥದ ಆಹಾರಕ್ಕೆ ಮಾತ್ರ. ಧನಿಯಾ, ಮೆಣಸಿನಕಾಯಿ, ಮೆಂತ್ಯ, ಇಂಗು ಎಲ್ಲ ಬೆರೆತ ಹುಳಿಪುಡಿ ಆ ಸಾಲಿಗೆ ಸೇರುವುದಿಲ್ಲ. ಆದರೆ ಬಳಸಿದ ಪ್ರತಿಯೊಂದು ಪದಾರ್ಥವೂ ಆ ಅಳತೆಗೆ ಒಪ್ಪಿದರೆ ‘ಶುದ್ಧ ಪದಾರ್ಥಗಳಿಂದ ತಯಾರಿಸಿದ್ದು’ ಎನ್ನಲು ಅವಕಾಶವಿದೆ. ನಮ್ಮ ಪೊಟ್ಟಣಕ್ಕೆ ದಾರಿ ಸಿಕ್ಕಿದ್ದು ಇಲ್ಲೇ. ಮುಂಭಾಗದಲ್ಲಿ ‘ಹುಳಿಪುಡಿ’ ಎಂಬುದು ಅದೇ ಅಕ್ಷರದಲ್ಲಿ, ಅದೇ ಜಾಗದಲ್ಲಿ ಉಳಿಯುತ್ತದೆ. ‘ಶುದ್ಧ’ ಅಲ್ಲಿಂದ ಇಳಿದು ಕೆಳಗಿನ ಪುಟ್ಟ ಸಾಲಿಗೆ ಸೇರಿಕೊಳ್ಳುತ್ತದೆ. ಹೊಸಬರಿಗೆಂದು ಹೆಸರಿನ ಕೆಳಗೆ ಸಣ್ಣದಾಗಿ ‘ಸಾಂಬಾರ್ ಪುಡಿ’ ಎಂದು ಸೇರಿಸಬಹುದು. ಹಳೆಯ ಹೆಸರನ್ನು ತೆಗೆದು ಇದನ್ನೇ ದೊಡ್ಡದು ಮಾಡಿದರೆ ಮಾತ್ರ ಗುರುತು ಕೆಡುತ್ತದೆ.

ದೊಡ್ಡ ಕಂಪನಿಗಳಿಗೂ ಇಂಥ ಇಕ್ಕಟ್ಟು ತಪ್ಪಿಲ್ಲ. ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ ಆಹಾರ ಕಾಯ್ದೆಯಲ್ಲಿ ವ್ಯಾಖ್ಯಾನವೇ ಇಲ್ಲವೆಂಬ ಚರ್ಚೆ ಎದ್ದಾಗ, 2024ರಲ್ಲಿ ಹಿಂದುಸ್ತಾನ್ ಯೂನಿಲಿವರ್ ಹಾರ್ಲಿಕ್ಸ್ ಸೇರಿದ್ದ ‘ಹೆಲ್ತ್ ಫುಡ್ ಡ್ರಿಂಕ್ಸ್’ ವರ್ಗದ ಹೆಸರನ್ನು ‘ಫಂಕ್ಷನಲ್ ನ್ಯೂಟ್ರಿಷನಲ್ ಡ್ರಿಂಕ್ಸ್’ ಎಂದು ಬದಲಾಯಿಸಿತು. ಹಾರ್ಲಿಕ್ಸ್ ಎಂಬ ಹೆಸರು ಹಾಗೇ ಉಳಿಯಿತು. ಜನ ಅಂಗಡಿಯಲ್ಲಿ ಕೇಳುತ್ತಿದ್ದುದು ಹೆಸರನ್ನೇ ಹೊರತು ವರ್ಗವನ್ನಲ್ಲ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ‘ಅತ್ತೆ ಮೆಚ್ಚುವ ಸೊಸೆಯ ಹುಳಿ’. ಹಳಬರಿಗೆ ಇದು ಪ್ರೀತಿಯ ಸಾಲು. ಈಗ ಪುಡಿ ಕೊಳ್ಳುವ ಯುವತಿಗೆ, ಅಡುಗೆ ಮಾಡುವುದು ಸೊಸೆಯ ಪಾಲು, ತೀರ್ಪು ಕೊಡುವುದು ಅತ್ತೆಯ ಪಾಲು ಎಂದಂತೆ ಕೇಳುತ್ತದೆ. ಪೂರ್ತಿ ತೆಗೆದರೆ ಜಾಗ ಬಿಕೋ ಎನ್ನುತ್ತದೆ, ಇಟ್ಟರೆ ಹೊಸಬರು ಮುಖ ತಿರುಗಿಸುತ್ತಾರೆ. ಇಂಥಲ್ಲಿ ಸಾಲಿನ ಲಯವನ್ನು ಉಳಿಸಿಕೊಂಡು ನೋಯಿಸುವ ಭಾಗವನ್ನಷ್ಟೇ ಬದಲಾಯಿಸಬೇಕು: ‘ಮನೆಯೆಲ್ಲ ಮೆಚ್ಚುವ ಮನೆಯ ಹುಳಿ’. ಅದೇ ಜಾಗ, ಅದೇ ಅಕ್ಷರ, ಹೆಚ್ಚುಕಡಿಮೆ ಅದೇ ಉದ್ದ. ಹಳಬರ ಕಣ್ಣು ಅದರ ಮೇಲೆ ತಡೆಯದೆ ಜಾರುತ್ತದೆ. 1975ರಿಂದ ಮಾರಾಟದಲ್ಲಿದ್ದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆದದ್ದೂ ಇದೇ ಬಗೆಯಲ್ಲಿ. ಮೈಬಣ್ಣದ ಮಾತು ಹೋಯಿತು, ಹೆಸರಿನ ಉಳಿದರ್ಧ ನಿಂತಿತು. ಈ ಉಪಾಯಕ್ಕೊಂದು ಮಿತಿಯೂ ಇದೆ. ಆಕ್ಷೇಪ ಇರುವುದು ಶಬ್ದಕ್ಕಲ್ಲ, ಸರಕಿಗೇ ಎಂದಾದರೆ ಯಾವ ಒಕ್ಕಣೆಯೂ ಅದನ್ನು ಮುಚ್ಚಲಾರದು. ಆ ಕ್ರೀಮಿನ ಹೆಸರು ಬದಲಾದ ಮೇಲೂ ಟೀಕೆ ನಿಲ್ಲಲಿಲ್ಲ.

‘ಬ್ರಾಂಚ್ ಇಲ್ಲ’ ಎಂಬ ಸಾಲು? ಅದು ಇಂದಿಗೂ ನಿಜವಾದರೆ ಇರಲಿ. ಯಾರಿಗೂ ತೊಂದರೆ ಕೊಡದ, ಸುಳ್ಳೂ ಅಲ್ಲದ, ಜನ ನಗುತ್ತಾ ನೆನೆಯುವ ಸಾಲನ್ನು ಹಳತು ಎಂಬ ಒಂದೇ ಕಾರಣಕ್ಕೆ ತೆಗೆಯಬಾರದು. ಕಂಪನಿ ಈಗ ಇನ್ನೊಂದೂರಿನಲ್ಲಿ ಘಟಕ ತೆರೆದಿದ್ದರೆ ಮಾತ್ರ ಅದು ಹೋಗಲೇಬೇಕು.

ಬರೆದದ್ದನ್ನು ಜನರ ಮುಂದಿಡುವಾಗ “ಯಾವುದು ಚೆನ್ನಾಗಿದೆ, ಹಳೆಯದೋ ಹೊಸದೋ?” ಎಂದು ಕೇಳಬಾರದು. ಹಳಬರು ಹಳೆಯದು ಎನ್ನುತ್ತಾರೆ, ದಾಕ್ಷಿಣ್ಯದವರು ಹೊಸದು ಎನ್ನುತ್ತಾರೆ, ಎರಡರಿಂದಲೂ ಏನೂ ತಿಳಿಯುವುದಿಲ್ಲ. ಹೊಸ ಪ್ಯಾಕೆಟ್ಟನ್ನು ಬೇರೆ ಬ್ರ್ಯಾಂಡುಗಳ ನಡುವೆ ಇಟ್ಟು, ನಿಮ್ಮ ಪುಡಿ ಎತ್ತಿಕೊಡಿ ಎನ್ನಬೇಕು. ಕೈ ನೇರ ಅದರತ್ತ ಹೋದರೆ ಗುರುತು ಉಳಿದಿದೆ. ಆಮೇಲೆ ಒಂದೇ ಪ್ರಶ್ನೆ: “ಇದರೊಳಗಿನ ಪುಡಿ ಬದಲಾಗಿರಬಹುದು ಅನ್ನಿಸುತ್ತಾ?” ಹೌದು ಎನ್ನುವವರು ಹೆಚ್ಚಿದ್ದರೆ ಒಕ್ಕಣೆ ಮಿತಿ ಮೀರಿದೆ ಎಂದರ್ಥ.

ಬಿಡುಗಡೆಯಲ್ಲೂ ಎಚ್ಚರ ಬೇಕು. ಬೆಲೆ, ತೂಕ, ಹದ ಇವುಗಳಲ್ಲಿ ಯಾವುದನ್ನೂ ಒಕ್ಕಣೆಯ ಜೊತೆಗೇ ಬದಲಾಯಿಸಬಾರದು. 200 ಗ್ರಾಂ ಇದ್ದದ್ದು 180 ಆದ ತಿಂಗಳಲ್ಲೇ ಸಾಲುಗಳೂ ಬದಲಾದರೆ, ಗಿರಾಕಿಗೆ ಎರಡೂ ಸೇರಿ ಒಂದೇ ಮೋಸವಾಗಿ ಕಾಣುತ್ತದೆ. ‘ಹೊಸ! ಸುಧಾರಿತ!’ ಎಂಬ ಪಟ್ಟಿ ಹಾಕಿದರೂ ಅದೇ ಅನುಮಾನ, ಏಕೆಂದರೆ ಅವರಿಗೆ ಬೇಕಿರುವುದು ಸುಧಾರಿಸದ ಪುಡಿ. ‘ಅದೇ ಪುಡಿ, ಈಗ ನಾಲ್ವರ ಅಳತೆಯೊಂದಿಗೆ’ ಎಂಬಷ್ಟು ಸಾಕು. ಮೊದಲು ಹಿಂಭಾಗ, ಕೆಲವು ತಿಂಗಳ ನಂತರ ಮುಂಭಾಗ ಎಂದು ಎರಡು ಹಂತದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಇಂಥ ಪೊಟ್ಟಣಗಳ ಮುದ್ರಣದಲ್ಲಿ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ಕೊರೆದ ಸಿಲಿಂಡರ್ ಬೇಕಾಗುತ್ತದೆ. ತಿದ್ದುವ ಸಾಲುಗಳನ್ನೆಲ್ಲ ಕಪ್ಪು ಬಣ್ಣವೊಂದರಲ್ಲೇ ಇಟ್ಟರೆ ಪ್ರತಿ ತಿದ್ದುಪಡಿಗೂ ಒಂದೇ ಸಿಲಿಂಡರಿನ ಖರ್ಚಿನಲ್ಲಿ ಮುಗಿಯುತ್ತದೆ.

ಹಳೆಯದೂ ಹೊಸದೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ಕೂರುವ ಕೆಲವು ವಾರಗಳೇ ನಿಜವಾದ ಅಪಾಯದ ಕಾಲ. ನಕಲಿಗೆ ಮೋಸಹೋಗಬೇಡಿ ಎಂದು ಐವತ್ತು ವರ್ಷ ಕಲಿಸಿದ್ದು ಕಂಪನಿಯೇ. ಈಗ ಆ ಪಾಠ ಅದರ ಮೇಲೇ ತಿರುಗುತ್ತದೆ. “ಇದು ಒರಿಜಿನಲ್ ತಾನೇ?” ಎಂದು ಗಿರಾಕಿ ಮೊದಲು ಕೇಳುವುದು ಅಂಗಡಿಯವರನ್ನು, ಆದ್ದರಿಂದ ವಿಷಯ ಅವರಿಗೆ ಸರಕು ಬರುವ ಮೊದಲೇ ಗೊತ್ತಿರಬೇಕು. ಹದ ಬದಲಾಗದಿದ್ದರೂ “ರುಚಿ ಮೊದಲಿನ ಹಾಗಿಲ್ಲ” ಎಂಬ ಫೋನುಗಳು ಬರತೊಡಗಿದರೆ ಕೆಟ್ಟಿರುವುದು ಪುಡಿಯಲ್ಲ, ಮುಂಭಾಗ. ಕೂಡಲೇ ಹಿಂದಿನ ಮುದ್ರಣಕ್ಕೆ ಹೋಗಲು ಹಳೆಯ ಸಿಲಿಂಡರುಗಳನ್ನು ಒಂದು ವರ್ಷವಾದರೂ ಜೋಪಾನ ಮಾಡಿಟ್ಟಿರಬೇಕು.

ಎಲ್ಲ ಮುಗಿದ ಮೇಲೆ ಒಂದು ಪುಟದ ಬರಹ ಕಡತದಲ್ಲಿರಲಿ: ಯಾವ ಸಾಲು ಉಳಿಯಿತು, ಯಾವುದು ಹೋಯಿತು, ಪ್ರತಿಯೊಂದಕ್ಕೂ ಕಾರಣವೇನು. ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಮ್ಯಾನೇಜರ್ ಬಂದು ಮೊದಲು ಕೈ ಹಾಕುವುದು ಪೇಟದ ಫೋಟೋಕ್ಕೇ. ಅದನ್ನು ಮುಟ್ಟಬಾರದೇಕೆ, ಬಳಸುವ ಕ್ರಮವನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದೇಕೆ ಎಂಬುದು ಬರಹದಲ್ಲಿದ್ದರೆ, ಅದೇ ಪಾಠವನ್ನು ಇನ್ನೊಮ್ಮೆ ಮಾರಾಟ ಕಳೆದುಕೊಂಡು ಕಲಿಯಬೇಕಾಗುವುದಿಲ್ಲ.