ಪರಮಾಣು ಸ್ಥಾವರದ ನಿಯಂತ್ರಣದಲ್ಲಿ ವಿಳಂಬಿತ ನ್ಯೂಟ್ರಾನ್‌ಗಳ ಪಾತ್ರ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಪರಮಾಣು ವಿದ್ಯುತ್ ಘಟಕಗಳಿವೆ. ಇಂತಹ ಸ್ಥಾವರಗಳ ಬಗ್ಗೆ ಸಾರ್ವಜನಿಕರಲ್ಲಿ ಒಂದು ಪ್ರಶ್ನೆ ಸಹಜವಾಗಿ ಮೂಡುತ್ತದೆ. ಸ್ಥಾವರದೊಳಗೆ ನಡೆಯುವ ಸರಪಳಿ ಕ್ರಿಯೆಯ ಒಂದೊಂದು ಸುತ್ತು ಕಣ್ಣೆವೆ ಮುಚ್ಚಿ ತೆರೆಯುವುದಕ್ಕಿಂತ ಎಷ್ಟೋ ಪಟ್ಟು ಬೇಗ ಮುಗಿಯುವುದಾದರೆ, ನಿಯಂತ್ರಣ ಕೊಠಡಿಯಲ್ಲಿ ಕುಳಿತ ಸಿಬ್ಬಂದಿಯು ಅದನ್ನು ಹತೋಟಿಯಲ್ಲಿಡುವುದು ಹೇಗೆ? ಸರಳುಗಳನ್ನು ಚಲಿಸುವ ಮೋಟಾರಿಗೂ ತನ್ನ ಕೆಲಸ ಮುಗಿಸಲು ಕೆಲವು ಸೆಕೆಂಡುಗಳು ಬೇಕಾಗುತ್ತವೆ. ಈ ಪ್ರಶ್ನೆಗೆ ಉತ್ತರವು ಸ್ಥಾವರವನ್ನು ನಿರ್ಮಿಸಿದವರ ಜಾಣ್ಮೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಯುರೇನಿಯಂನ ಒಂದು ಸ್ವಭಾವದಲ್ಲಿಯೇ ಇದೆ.

ಯುರೇನಿಯಂ-235 ಪರಮಾಣುವಿನ ಬೀಜಕೇಂದ್ರವು ಒಂದು ನ್ಯೂಟ್ರಾನನ್ನು ಹೀರಿಕೊಂಡು ಎರಡಾಗಿ ಒಡೆಯುವುದನ್ನು ವಿದಳನ ಎನ್ನಲಾಗುತ್ತದೆ. ಪ್ರತಿ ವಿದಳನದಲ್ಲಿ ಶಾಖದೊಂದಿಗೆ ಸರಾಸರಿ 2.4 ಹೊಸ ನ್ಯೂಟ್ರಾನ್‌ಗಳು ಹೊರಬೀಳುತ್ತವೆ. ಇವುಗಳಲ್ಲಿ ಕೆಲವು ಸೋರಿಹೋಗುತ್ತವೆ, ಕೆಲವನ್ನು ಇತರ ವಸ್ತುಗಳು ನುಂಗುತ್ತವೆ, ಉಳಿದವು ಮುಂದಿನ ವಿದಳನಕ್ಕೆ ಕಾರಣವಾಗುತ್ತವೆ. ಒಂದು ತಲೆಮಾರಿನ ನ್ಯೂಟ್ರಾನ್‌ಗಳ ಸಂಖ್ಯೆಗೂ ಅದರ ಹಿಂದಿನ ತಲೆಮಾರಿನ ಸಂಖ್ಯೆಗೂ ಇರುವ ಪ್ರಮಾಣವೇ ಗುಣಾಂಕ. ಗುಣಾಂಕವು ನಿಖರವಾಗಿ 1 ಇದ್ದರೆ ಸ್ಥಾವರದ ಶಕ್ತಿ ಏರದೆ ಇಳಿಯದೆ ನಿಲ್ಲುತ್ತದೆ. 1ಕ್ಕಿಂತ ಹೆಚ್ಚಾದರೆ ಚಕ್ರಬಡ್ಡಿಯ ರೀತಿಯಲ್ಲಿ ಬೆಳೆಯುತ್ತದೆ, ಕಡಿಮೆಯಾದರೆ ಅದೇ ರೀತಿಯಲ್ಲಿ ಕರಗುತ್ತದೆ.

ಚಕ್ರಬಡ್ಡಿಯಲ್ಲಿ ದರದಷ್ಟೇ ಮುಖ್ಯವಾದುದು ಬಡ್ಡಿಯನ್ನು ಅಸಲಿಗೆ ಸೇರಿಸುವ ಅವಧಿ. ಕೈಗಾದಲ್ಲಿರುವಂತಹ ಭಾರಜಲ ಸ್ಥಾವರದಲ್ಲಿ ನ್ಯೂಟ್ರಾನ್ ಹುಟ್ಟಿ, ಭಾರಜಲದಲ್ಲಿ ಅಲೆದಾಡಿ ವೇಗ ಕಳೆದುಕೊಂಡು, ಮುಂದಿನ ವಿದಳನವನ್ನು ಉಂಟುಮಾಡಲು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದಂಶ ಸಾಕು. ಸಾಧಾರಣ ನೀರನ್ನು ಬಳಸುವ ಸ್ಥಾವರಗಳಲ್ಲಿ ಈ ಅವಧಿ ಹತ್ತು ಸಾವಿರದ ಒಂದಂಶ ಸೆಕೆಂಡು ಅಥವಾ ಅದಕ್ಕೂ ಕಡಿಮೆ. ಗುಣಾಂಕವು 1ರಿಂದ 1.001ಕ್ಕೆ, ಅಂದರೆ ಸಾವಿರಕ್ಕೆ ಒಂದರಷ್ಟು ಮಾತ್ರ ಏರಿತೆಂದು ಭಾವಿಸೋಣ. ಎಲ್ಲ ನ್ಯೂಟ್ರಾನ್‌ಗಳೂ ವಿದಳನದ ಕ್ಷಣದಲ್ಲಿಯೇ ಹುಟ್ಟುವುದಾಗಿದ್ದರೆ ಭಾರಜಲ ಸ್ಥಾವರದ ಶಕ್ತಿಯು ಒಂದು ಸೆಕೆಂಡಿನಲ್ಲಿ 2.7 ಪಟ್ಟಾಗುತ್ತಿತ್ತು, ಹತ್ತು ಸೆಕೆಂಡುಗಳಲ್ಲಿ ಸುಮಾರು 22,000 ಪಟ್ಟಾಗುತ್ತಿತ್ತು. ಸಾಧಾರಣ ನೀರಿನ ಸ್ಥಾವರದಲ್ಲಿ ಅದೇ 22,000 ಪಟ್ಟು ಏರಿಕೆಗೆ ಒಂದೇ ಸೆಕೆಂಡು ಸಾಕಾಗುತ್ತಿತ್ತು. ಅಂತಹ ಯಂತ್ರವನ್ನು ಮನುಷ್ಯನಾಗಲಿ, ಸರಳುಗಳನ್ನು ಚಲಿಸುವ ಯಾವುದೇ ಸಾಧನವಾಗಲಿ ನಡೆಸಲಾರದು.

ಹತ್ತು ಸಾವಿರದಲ್ಲಿ ಅರವತ್ತೈದು

ವಾಸ್ತವವಾಗಿ ಎಲ್ಲ ನ್ಯೂಟ್ರಾನ್‌ಗಳೂ ಆ ಕ್ಷಣದಲ್ಲಿ ಹುಟ್ಟುವುದಿಲ್ಲ. ಯುರೇನಿಯಂ-235ರ ವಿದಳನದಿಂದ ದೊರೆಯುವ ಪ್ರತಿ 10,000 ನ್ಯೂಟ್ರಾನ್‌ಗಳಲ್ಲಿ ಸುಮಾರು 9,935 ಮಾತ್ರ ತಕ್ಷಣದವು. ಉಳಿದ 65 ತಡವಾಗಿ ಬರುತ್ತವೆ. ಇವುಗಳಿಗೆ ವಿಳಂಬಿತ ನ್ಯೂಟ್ರಾನ್‌ಗಳೆಂದು ಹೆಸರು. 1939ರಲ್ಲಿ, ಅಂದರೆ ವಿದಳನವು ಜಗತ್ತಿಗೆ ತಿಳಿದ ಕೆಲವೇ ತಿಂಗಳುಗಳಲ್ಲಿ, ವಾಷಿಂಗ್‌ಟನ್‌ನ ಕಾರ್ನೆಗಿ ಸಂಸ್ಥೆಯಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಅವರ ಸಹೋದ್ಯೋಗಿಗಳು ಇವುಗಳನ್ನು ಗುರುತಿಸಿದರು.

ಈ ವಿಳಂಬದ ಕಾರಣ ಹೀಗಿದೆ. ಒಡೆದ ಬೀಜಕೇಂದ್ರದ ತುಂಡುಗಳಲ್ಲಿ ಒಂದು ಬ್ರೋಮಿನ್-87 ಆಗಿರಬಹುದು. ಅದು ವಿಕಿರಣಶೀಲ ಧಾತು. ಅದರ ಅರ್ಧಾಯುಷ್ಯ ಸುಮಾರು 55.6 ಸೆಕೆಂಡು. ಅದು ಎಲೆಕ್ಟ್ರಾನೊಂದನ್ನು ಹೊರಹಾಕಿ ಕ್ರಿಪ್ಟಾನ್-87 ಆಗುತ್ತದೆ. ಹೀಗೆ ಉಂಟಾದ ಕ್ರಿಪ್ಟಾನ್ ಕೆಲವೊಮ್ಮೆ ತನ್ನಲ್ಲಿ ಹಿಡಿಸಲಾರದಷ್ಟು ಶಕ್ತಿಯನ್ನು ಹೊಂದಿರುತ್ತದೆ. ಆಗ ಅದು ಕೂಡಲೇ ಒಂದು ನ್ಯೂಟ್ರಾನನ್ನು ಬಿಟ್ಟು ಕ್ರಿಪ್ಟಾನ್-86 ಆಗುತ್ತದೆ. ನ್ಯೂಟ್ರಾನ್ ಹೊರಬೀಳುವ ಕ್ರಿಯೆಗೆ ಸಮಯ ಹಿಡಿಯುವುದಿಲ್ಲ. ಸಮಯ ಹಿಡಿಯುವುದು ಅದಕ್ಕೆ ಮುಂಚಿನ ಬ್ರೋಮಿನ್‌ನ ಕ್ಷಯಕ್ಕೆ. ಹೀಗೆ ಕಾಯಿಸುವ ತುಂಡುಗಳು ಅನೇಕವಿದ್ದು, ಲೆಕ್ಕದ ಅನುಕೂಲಕ್ಕಾಗಿ ಅವುಗಳನ್ನು ವಾಡಿಕೆಯಂತೆ ಆರು ಗುಂಪುಗಳಾಗಿ ವಿಂಗಡಿಸಲಾಗಿದೆ. ಕೆಲವು ಸೆಕೆಂಡಿಗೂ ಕಡಿಮೆ ಅವಧಿಯವು. ಬ್ರೋಮಿನ್-87 ಎಲ್ಲಕ್ಕಿಂತ ನಿಧಾನವಾದ ಗುಂಪಿನದು. ಎಲ್ಲವುಗಳ ಸರಾಸರಿ ವಿಳಂಬ ಸುಮಾರು 13 ಸೆಕೆಂಡು.

ಇಷ್ಟು ಅಲ್ಪ ಪಾಲು ಇಡೀ ಸ್ಥಾವರವನ್ನು ಹೇಗೆ ನಿಧಾನಗೊಳಿಸುತ್ತದೆ ಎಂಬುದನ್ನು ಅಂಗಡಿಯ ಲೆಕ್ಕದಿಂದ ತಿಳಿಯಬಹುದು. ವ್ಯಾಪಾರಿಯೊಬ್ಬನಿಗೆ ಸರಕು ಕೊಳ್ಳಲು ಪ್ರತಿ ಸುತ್ತಿಗೆ 10,000 ರೂಪಾಯಿ ಬೇಕು. ಮಾರಾಟದಿಂದ 9,935 ರೂಪಾಯಿ ಕೂಡಲೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. 65 ರೂಪಾಯಿ ಪರ ಊರಿನಿಂದ ಡ್ರಾಫ್ಟ್ ಮೂಲಕ ಬರಬೇಕು. ನಗದನ್ನೇ ನಂಬಿದರೆ ಪ್ರತಿ ಸುತ್ತಿನಲ್ಲಿಯೂ ಬಂಡವಾಳ ಸ್ವಲ್ಪ ಸ್ವಲ್ಪವಾಗಿ ಸವೆದು ವ್ಯಾಪಾರ ನಿಂತುಹೋಗುತ್ತದೆ. ಹಳೆಯ ಸುತ್ತುಗಳ ಡ್ರಾಫ್ಟ್‌ಗಳು ಸತತವಾಗಿ ಬಂದು ಸೇರುತ್ತಿರುವುದರಿಂದಲೇ ಅದು ನಡೆಯುತ್ತದೆ. ವ್ಯಾಪಾರವನ್ನು ಹಿಗ್ಗಿಸಬೇಕೆಂದರೂ ಡ್ರಾಫ್ಟ್‌ಗಳು ಬರುವ ವೇಗವನ್ನು ಮೀರಿ ಹಿಗ್ಗಿಸಲಾಗದು.

ಸ್ಥಾವರದಲ್ಲಿಯೂ ಹೀಗೆಯೇ. ಗುಣಾಂಕ 1.001 ಇದ್ದಾಗ ತಕ್ಷಣದ ನ್ಯೂಟ್ರಾನ್‌ಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಗುಣಾಂಕವು ಸುಮಾರು 0.9945 ಮಾತ್ರ. ಅಂದರೆ ತಕ್ಷಣದ ಸರಪಳಿಯು ತನ್ನಷ್ಟಕ್ಕೆ ತಾನೇ ಸಾಯುವ ಸರಪಳಿ. ಅದನ್ನು ಜೀವಂತವಾಗಿಡುವುದು ಕೆಲವು ಸೆಕೆಂಡುಗಳ ಹಿಂದೆ ನಡೆದ ವಿದಳನಗಳಿಂದ ಈಗ ಬರುತ್ತಿರುವ ನ್ಯೂಟ್ರಾನ್‌ಗಳು.

ಮೇಲಿನ ಉದಾಹರಣೆಯನ್ನೇ ಈಗ ಮತ್ತೊಮ್ಮೆ ಲೆಕ್ಕ ಹಾಕಬಹುದು. ಗುಣಾಂಕವು 1.001ಕ್ಕೆ ಏರಿದ ಕೂಡಲೇ ಶಕ್ತಿಯು ಒಂದು ಸೆಕೆಂಡಿನೊಳಗೆ ಶೇ. 18ರಷ್ಟು ನೆಗೆಯುತ್ತದೆ. ಈ ನೆಗೆತ ತಕ್ಷಣದ ನ್ಯೂಟ್ರಾನ್‌ಗಳದ್ದು. ಅದು ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಮುಂದಿನ ಏರಿಕೆಗೆ ವಿಳಂಬಿತ ನ್ಯೂಟ್ರಾನ್‌ಗಳ ಸಂಖ್ಯೆಯೂ ಹೆಚ್ಚಬೇಕು. ಆನಂತರದ ಏರಿಕೆ ನೆಲೆಗೊಂಡಾಗ ಶಕ್ತಿಯು ಇಮ್ಮಡಿಯಾಗಲು ಸುಮಾರು 40 ಸೆಕೆಂಡು ಹಿಡಿಯುತ್ತದೆ. ಹತ್ತು ಸೆಕೆಂಡುಗಳಲ್ಲಿ 22,000 ಪಟ್ಟು ಆಗಬೇಕಾದದ್ದು ಈಗ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಸಿಬ್ಬಂದಿಯು ಮಾಪಕವನ್ನು ನೋಡಿ, ಯೋಚಿಸಿ, ಸರಳನ್ನು ತುಸು ಒಳಗಿಳಿಸಲು ಇದು ಧಾರಾಳವಾದ ಸಮಯ.

ಮೊದಲ ಸ್ಥಾವರ

1942ರ ಡಿಸೆಂಬರ್ 2ರಂದು ಷಿಕಾಗೋ ನಗರದಲ್ಲಿ ಎನ್ರಿಕೊ ಫರ್ಮಿಯವರ ನೇತೃತ್ವದಲ್ಲಿ ನಡೆದ ಮೊದಲ ಸ್ವಯಂಪೋಷಿತ ಸರಪಳಿ ಕ್ರಿಯೆಯು ಈ ಗುಣವನ್ನೇ ನೆಚ್ಚಿಕೊಂಡಿತ್ತು. ಗ್ರಾಫೈಟ್ ಇಟ್ಟಿಗೆಗಳ ಆ ರಾಶಿಯಿಂದ ಕೊನೆಯ ನಿಯಂತ್ರಣ ಸರಳನ್ನು ಜಾರ್ಜ್ ವೈಲ್ ಎಂಬುವವರು ಫರ್ಮಿಯವರ ಸೂಚನೆಯಂತೆ ಹಂತ ಹಂತವಾಗಿ ಕೈಯಿಂದಲೇ ಹೊರಗೆಳೆದರು. ಪ್ರತಿ ಹಂತದಲ್ಲಿ ನ್ಯೂಟ್ರಾನ್‌ಗಳ ಎಣಿಕೆ ನಿಲುಗಡೆಗೆ ಬರುವವರೆಗೆ ಕಾದು, ಲೆಕ್ಕ ಹಾಕಿ, ಮುಂದಿನ ಹಂತಕ್ಕೆ ಹೋಗಲಾಯಿತು. ಕೊನೆಗೆ ಎಣಿಕೆಯು ನಿಲ್ಲದೆ ಏರತೊಡಗಿದಾಗಲೂ ಆ ಏರಿಕೆ ನಿಮಿಷಗಳ ಲೆಕ್ಕದ್ದಾಗಿತ್ತು. ಶಕ್ತಿಯು ಸುಮಾರು ಅರ್ಧ ವ್ಯಾಟ್‌ಗೆ ತಲುಪಿದಾಗ ಸರಳುಗಳನ್ನು ಒಳಗೆ ಸೇರಿಸಿ ಕ್ರಿಯೆಯನ್ನು ನಿಲ್ಲಿಸಲಾಯಿತು.

ಈ ರಕ್ಷಣೆಯ ಮಿತಿ

ಅಂಗಡಿಯ ಉದಾಹರಣೆಯಲ್ಲಿ ನಗದು ವಸೂಲಿಯೇ 10,000 ರೂಪಾಯಿಯನ್ನು ದಾಟಿದರೆ ಡ್ರಾಫ್ಟಿಗಾಗಿ ಕಾಯುವ ಅಗತ್ಯವೇ ಉಳಿಯದು. ಅದೇ ರೀತಿ ಗುಣಾಂಕದ ಹೆಚ್ಚಳವು ಶೇ. 0.65ನ್ನು ಮೀರಿದರೆ ತಕ್ಷಣದ ನ್ಯೂಟ್ರಾನ್‌ಗಳಿಂದಲೇ ಸರಪಳಿ ಬೆಳೆಯತೊಡಗುತ್ತದೆ. ಆಗ ಸೆಕೆಂಡುಗಳ ಲೆಕ್ಕ ಮುಗಿದು ಸಾವಿರದಂಶ ಸೆಕೆಂಡುಗಳ ಲೆಕ್ಕ ಆರಂಭವಾಗುತ್ತದೆ.

ಇದು ಕೇವಲ ಕಾಗದದ ಮೇಲಿನ ಆತಂಕವಲ್ಲ. ಅಮೆರಿಕದ ಐಡಾಹೋ ಪ್ರಾಂತ್ಯದಲ್ಲಿ ಸೇನೆಗಾಗಿ ನಿರ್ಮಿಸಿದ್ದ ಎಸ್‌ಎಲ್-1 ಎಂಬ ಸಣ್ಣ ಸ್ಥಾವರದಲ್ಲಿ 1961ರ ಜನವರಿ 3ರ ರಾತ್ರಿ ಮೂವರು ಸಿಬ್ಬಂದಿ ಕೆಲಸದಲ್ಲಿದ್ದರು. ಸ್ಥಾವರವನ್ನು ರಜೆಯ ನಿಮಿತ್ತ ನಿಲ್ಲಿಸಲಾಗಿತ್ತು. ಪುನರಾರಂಭದ ಸಿದ್ಧತೆಗಾಗಿ ನಡುವಿನ ನಿಯಂತ್ರಣ ಸರಳನ್ನು ಅದರ ಚಾಲಕ ಯಂತ್ರಕ್ಕೆ ಮರುಜೋಡಿಸಬೇಕಿತ್ತು. ಅದಕ್ಕಾಗಿ ಸರಳನ್ನು ಕೈಯಿಂದ ಸುಮಾರು 10 ಸೆಂಟಿಮೀಟರ್ ಮೇಲೆತ್ತಿದರೆ ಸಾಕಿತ್ತು. ಅದು ಸುಮಾರು 50 ಸೆಂಟಿಮೀಟರ್ ಮೇಲೆ ಬಂದಿತು. ಏಕೆ ಅಷ್ಟು ಎತ್ತಲಾಯಿತು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆ ಒಂದೇ ಸರಳಿನಿಂದ ಸ್ಥಾವರವು ಮೇಲೆ ಹೇಳಿದ ಮಿತಿಯನ್ನು ದಾಟಿತು. 3 ಮೆಗಾವ್ಯಾಟ್ ಶಾಖದ ಸಾಮರ್ಥ್ಯದ ಸ್ಥಾವರದ ಶಕ್ತಿಯು ಸುಮಾರು 4 ಸಾವಿರದಂಶ ಸೆಕೆಂಡಿನಲ್ಲಿ 20,000 ಮೆಗಾವ್ಯಾಟ್‌ನ ಸಮೀಪಕ್ಕೆ ಏರಿತು. ಒಳಗಿನ ನೀರು ಕ್ಷಣಾರ್ಧದಲ್ಲಿ ಹಬೆಯಾಗಿ ಸ್ಥಾವರದ ಪಾತ್ರೆಯನ್ನೇ ಮೇಲಕ್ಕೆ ಎಸೆಯಿತು. ಮೂವರೂ ಮೃತಪಟ್ಟರು. ಕ್ರಿಯೆಯನ್ನು ನಿಲ್ಲಿಸಿದ್ದು ಯಾರ ಕೈಯೂ ಅಲ್ಲ. ಇಂಧನ ಚೆದುರಿ ನೀರು ಚಿಮ್ಮಿ ಹೋದುದರಿಂದ ಅದು ತಾನಾಗಿಯೇ ನಿಂತಿತು. ಒಂದೇ ಸರಳನ್ನು ಪೂರ್ಣವಾಗಿ ಹೊರತೆಗೆದರೂ ಸ್ಥಾವರವು ನಿಂತ ಸ್ಥಿತಿಯಲ್ಲಿಯೇ ಉಳಿಯಬೇಕು ಎಂಬ ವಿನ್ಯಾಸ ನಿಯಮಕ್ಕೆ ಈ ಘಟನೆಯ ನಂತರ ವಿಶೇಷ ಒತ್ತು ದೊರೆಯಿತು.

ಆದುದರಿಂದ ನಿಯಂತ್ರಣ ಕೊಠಡಿಯಲ್ಲಿ ಶಕ್ತಿಯ ಪ್ರಮಾಣವನ್ನು ಮಾತ್ರವಲ್ಲದೆ ಅದು ಏರುವ ದರವನ್ನೂ ಸತತವಾಗಿ ಅಳೆಯಲಾಗುತ್ತದೆ. ಶಕ್ತಿ ಎಷ್ಟೇ ಕಡಿಮೆಯಿರಲಿ, ಏರುವ ದರವು ನಿಗದಿತ ಮಟ್ಟವನ್ನು ಮೀರಿದರೆ ಸಿಬ್ಬಂದಿಗಾಗಿ ಕಾಯದೆ ಉಪಕರಣವೇ ಸ್ಥಾವರವನ್ನು ನಿಲ್ಲಿಸುತ್ತದೆ. ಇಂಧನ ಹಳೆಯದಾದಂತೆ ಅದರಲ್ಲಿ ಪ್ಲುಟೋನಿಯಂ-239 ಸೇರಿಕೊಳ್ಳುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಅದರ ವಿದಳನದಲ್ಲಿ ವಿಳಂಬಿತ ನ್ಯೂಟ್ರಾನ್‌ಗಳು 10,000ಕ್ಕೆ ಸುಮಾರು 21 ಮಾತ್ರ; ಪ್ಲುಟೋನಿಯಂ ಹೆಚ್ಚಿದಷ್ಟೂ ಮಿತಿಯವರೆಗಿನ ಅಂತರ ಕಿರಿದಾಗುತ್ತದೆ.

ಭಾರಜಲ ಸ್ಥಾವರಗಳಿಗೆ ಮಾತ್ರ ದೊರೆಯುವ ಒಂದು ಹೆಚ್ಚುವರಿ ಅನುಕೂಲವೂ ಇದೆ. ವಿದಳನದ ತುಂಡುಗಳು ಹೊರಸೂಸುವ ಪ್ರಬಲ ಗಾಮಾ ಕಿರಣಗಳು ಭಾರಜಲದಲ್ಲಿರುವ ಡ್ಯೂಟೀರಿಯಂ ಅನ್ನು ಒಡೆದು ಸ್ವಲ್ಪ ನ್ಯೂಟ್ರಾನ್‌ಗಳನ್ನು ಬಿಡಿಸುತ್ತವೆ. ಇವು ಇನ್ನೂ ದೀರ್ಘಕಾಲ ಬರುತ್ತಿರುತ್ತವೆ.

ವಿಳಂಬಿತ ನ್ಯೂಟ್ರಾನ್‌ಗಳು ಸ್ಥಾವರವನ್ನು ನಿಲ್ಲಿಸುವಾಗಲೂ ತಮ್ಮ ಸ್ವಭಾವ ಬಿಡುವುದಿಲ್ಲ. ಎಲ್ಲ ಸರಳುಗಳು ಒಳಗಿಳಿದು ಗುಣಾಂಕವು ಶೇ. 5ರಷ್ಟು ಕುಸಿದರೆ ವಿದಳನ ಶಕ್ತಿಯು ಕೂಡಲೇ ಸುಮಾರು ಹತ್ತನೆಯ ಒಂದಂಶಕ್ಕೆ ಬೀಳುತ್ತದೆ. ಅಲ್ಲಿಂದ ಮುಂದೆ ಅಲ್ಪಾಯುಷಿ ಗುಂಪುಗಳು ಒಂದೊಂದಾಗಿ ಮುಗಿದು, ಕೊನೆಗೆ ಬ್ರೋಮಿನ್-87 ಮಾತ್ರ ಉಳಿದಾಗ, ಎಷ್ಟೇ ಸರಳುಗಳನ್ನು ಇಳಿಸಿದರೂ ಸುಮಾರು 55 ಸೆಕೆಂಡಿಗೊಮ್ಮೆ ಅರ್ಧವಾಗುವುದಕ್ಕಿಂತ ಬೇಗ ಅದು ಇಳಿಯುವುದಿಲ್ಲ. ವಿಕಿರಣಶೀಲ ತುಂಡುಗಳ ಕ್ಷಯದಿಂದ ಹುಟ್ಟುವ ಉಳಿಕೆ ಶಾಖವು ಇದರಿಂದ ಬೇರೆಯಾದುದು. ಅದು ನಿಲುಗಡೆಯ ಕ್ಷಣದಲ್ಲಿ ಪೂರ್ಣ ಶಕ್ತಿಯ ಶೇ. 6ರಿಂದ 7ರಷ್ಟಿದ್ದು, ಸರಪಳಿ ಕ್ರಿಯೆ ಸಂಪೂರ್ಣ ನಿಂತ ಮೇಲೂ ದಿನಗಟ್ಟಲೆ ಮುಂದುವರಿಯುವುದರಿಂದ ಶೀತಕದ ಹರಿವನ್ನು ನಿಲ್ಲಿಸುವಂತಿಲ್ಲ.