ಊಟದ ತಪ್ಪಲ್ಲ, ನಿದ್ದೆಯ ಸಾಲ

1999ರಲ್ಲಿ ಚಿಕಾಗೊ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಆಮೇಲೆ ಅವರಿಗೇ ಹನ್ನೆರಡು ಗಂಟೆ ಹಾಸಿಗೆಯಲ್ಲಿರುವ ರಾತ್ರಿಗಳನ್ನು ಕೊಟ್ಟು ಎರಡೂ ಸ್ಥಿತಿಯನ್ನು ಹೋಲಿಸಿದರು. ನಿದ್ದೆಗೆಟ್ಟಾಗ ರಕ್ತಕ್ಕೆ ಸೇರಿದ ಗ್ಲೂಕೋಸ್ ಖಾಲಿಯಾಗುವ ವೇಗ ಸುಮಾರು ಶೇ 40ರಷ್ಟು ತಗ್ಗಿತ್ತು. ಸಂಜೆಯ ಹೊತ್ತಿಗೆ ಇಳಿಯಬೇಕಿದ್ದ ಕಾರ್ಟಿಸೋಲ್ ಏರಿಯೇ ಇತ್ತು. ಒಂದೇ ವಾರದಲ್ಲಿ, ಮಧುಮೇಹದ ಸುಳಿವೇ ಇಲ್ಲದ ಹುಡುಗರ ದೇಹ ಮಧುಮೇಹದ ಹೊಸ್ತಿಲಲ್ಲಿರುವವರ ದೇಹದಂತೆ ನಡೆದುಕೊಂಡಿತ್ತು.

ನಮ್ಮ ದೇಶದಲ್ಲಿ ಆ ಹೊಸ್ತಿಲಲ್ಲಿ ಈಗಾಗಲೇ ನಿಂತಿರುವವರು ಸುಮಾರು 13.6 ಕೋಟಿ. ಹೊಸ್ತಿಲು ದಾಟಿದವರು 10.1 ಕೋಟಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜು ಇದು. ನನ್ನ ಆತಂಕವೆಲ್ಲ ಮೊದಲ ಗುಂಪಿನ ಬಗ್ಗೆ. ಅವರ ಮನೆಯಲ್ಲಿ ಗ್ಲುಕೋಮೀಟರ್ ಇರುವುದು ಅಪರೂಪ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಅದೇ ಹೆಚ್ಚು. ಹೀಗಿರುವಾಗ ರಾತ್ರಿ ಒಂದು ಗಂಟೆಗೆ ಮಲಗಿ ಐದೂವರೆಗೆ ಏಳುವ ಅಭ್ಯಾಸ ಅವರ ಸಕ್ಕರೆಯನ್ನು ಮೇಲೆ ತಳ್ಳುತ್ತಿದ್ದರೂ ತಿಳಿಯುವ ದಾರಿಯೇ ಇಲ್ಲ.

ನಾಲ್ಕು ಗಂಟೆಯ ನಿದ್ದೆ ಅತಿರೇಕವಲ್ಲವೇ, ಪ್ರಯೋಗಾಲಯದ ಆರು ರಾತ್ರಿಗೂ ನಮ್ಮ ಬದುಕಿಗೂ ಏನು ಸಂಬಂಧ ಎಂದು ಕೇಳಬಹುದು. ಆ ಆಕ್ಷೇಪ ನ್ಯಾಯವಾದದ್ದೇ. ಇಂಥ ಪ್ರಯೋಗಗಳೆಲ್ಲ ಚಿಕ್ಕವು, ಕೆಲವೇ ದಿನಗಳವು. ಆದರೆ 2023ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 38 ಮಹಿಳೆಯರ ಮೇಲೆ ಮಾಡಿದ ಅಧ್ಯಯನ ಈ ಕೊರತೆಯನ್ನು ಒಂದಿಷ್ಟು ತುಂಬಿತು. ಅವರು ತಮ್ಮ ಮನೆಯಲ್ಲೇ ಇದ್ದು, ಆರು ವಾರ ರಾತ್ರಿ ಒಂದೂವರೆ ಗಂಟೆಯಷ್ಟು ನಿದ್ದೆ ಕಡಿಮೆ ಮಾಡಿದರು. ಇನ್ಸುಲಿನ್ನಿಗೆ ದೇಹ ಒಡ್ಡುವ ಪ್ರತಿರೋಧ ಸುಮಾರು ಶೇ 15ರಷ್ಟು ಏರಿತು. ಮುಟ್ಟು ನಿಂತವರಲ್ಲಿ ಇನ್ನೂ ಹೆಚ್ಚು. ದೇಹದ ಕೊಬ್ಬು ಹೆಚ್ಚಿದ್ದೇ ಇದಕ್ಕೆ ಕಾರಣ ಎನ್ನುವಂತೆಯೂ ಇರಲಿಲ್ಲ.

ಇನ್ನು ಹಸಿವಿನ ವಿಷಯ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಮಿದುಳಿಗೆ ಸಾಕು ಎನ್ನುತ್ತದೆ, ಹೊಟ್ಟೆಯಿಂದ ಬರುವ ಗ್ರೆಲಿನ್ ಇನ್ನೂ ಬೇಕು ಎನ್ನುತ್ತದೆ. 2004ರಲ್ಲಿ ಚಿಕಾಗೊದ ಅದೇ ತಂಡ 12 ಯುವಕರಿಗೆ ಎರಡು ರಾತ್ರಿ ನಾಲ್ಕು ಗಂಟೆ, ಇನ್ನೊಮ್ಮೆ ಎರಡು ರಾತ್ರಿ ಹತ್ತು ಗಂಟೆ ಹಾಸಿಗೆಯ ಸಮಯ ಕೊಟ್ಟು ನೋಡಿತು. ನಿದ್ದೆಗೆಟ್ಟಾಗ ಲೆಪ್ಟಿನ್ ಶೇ 18ರಷ್ಟು ಇಳಿದು ಗ್ರೆಲಿನ್ ಶೇ 28ರಷ್ಟು ಏರಿತ್ತು. ಹಸಿವು ಶೇ 24ರಷ್ಟು ಹೆಚ್ಚಿತ್ತು. ಅವರ ಆಸೆ ಸೊಪ್ಪು ತರಕಾರಿಯ ಕಡೆ ಹೋಗಲಿಲ್ಲ, ಸಿಹಿ, ಕುರುಕಲು, ಹಿಟ್ಟಿನ ತಿಂಡಿಗಳ ಕಡೆ ಹೋಯಿತು. ಮುಂದಿನ ಎಲ್ಲ ಅಧ್ಯಯನಗಳಲ್ಲಿ ಈ ಹಾರ್ಮೋನುಗಳ ಏರಿಳಿತ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ ಎಂಬುದನ್ನೂ ಹೇಳಬೇಕು. ಆದರೆ ನಿದ್ದೆ ಕಡಿಮೆಯಾದವರು ಹೆಚ್ಚು ತಿನ್ನುತ್ತಾರೆ ಎಂಬುದು ಮತ್ತೆ ಮತ್ತೆ ಕಂಡಿದೆ.

ಇದನ್ನು ತಿರುಗಿಸಿ ಪರೀಕ್ಷಿಸಿದ್ದೂ ಉಂಟು. ಆರೂವರೆ ಗಂಟೆಗಿಂತ ಕಡಿಮೆ ನಿದ್ರಿಸುತ್ತಿದ್ದ, ತೂಕ ಹೆಚ್ಚಿದ್ದ 80 ಮಂದಿಯಲ್ಲಿ ಅರ್ಧ ಜನರಿಗೆ ಎರಡು ವಾರ ಹೆಚ್ಚು ಹೊತ್ತು ಮಲಗುವಂತೆ ಸಲಹೆ ಕೊಡಲಾಯಿತು. ಊಟದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಅವರ ನಿದ್ದೆ ಸುಮಾರು ಒಂದು ಗಂಟೆ ಹತ್ತು ನಿಮಿಷ ಹೆಚ್ಚಿತು. ಉಳಿದವರಿಗೆ ಹೋಲಿಸಿದರೆ ದಿನಕ್ಕೆ ಸುಮಾರು 270 ಕ್ಯಾಲರಿ ಕಡಿಮೆ ತಿಂದರು. ಅದು ಹೆಚ್ಚುಕಮ್ಮಿ ಮೂರು ಚಪಾತಿಯಷ್ಟು. 2022ರಲ್ಲಿ ಬಂದ ಈ ಫಲಿತಾಂಶವನ್ನು ಪಥ್ಯ ಹೇಳುವವರೆಲ್ಲ ಓದಬೇಕೆಂದು ನನ್ನ ಆಸೆ.

ನಿದ್ದೆಯ ಕೊರತೆ ಚಿಕಿತ್ಸೆಯನ್ನು ಹೇಗೆ ದಾರಿ ತಪ್ಪಿಸುತ್ತದೆ ನೋಡಿ. 46 ವರ್ಷದ ಒಬ್ಬರನ್ನು ಊಹಿಸಿಕೊಳ್ಳೋಣ. ಎರಡು ಹೊತ್ತು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಖಾಲಿ ಹೊಟ್ಟೆಯ ಸಕ್ಕರೆ 115ರ ಆಸುಪಾಸು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.8. ಕಚೇರಿಯಲ್ಲಿ ಹೊಸ ಕೆಲಸ ಬಂದು ರಾತ್ರಿ ಹನ್ನೆರಡೂವರೆಯವರೆಗೆ ಕೂರಬೇಕಾಗುತ್ತದೆ. ಮಕ್ಕಳ ಶಾಲೆಗಾಗಿ ಬೆಳಿಗ್ಗೆ ಐದೂವರೆಗೆ ಏಳಲೇಬೇಕು. ಮೂರು ತಿಂಗಳ ನಂತರ ಖಾಲಿ ಹೊಟ್ಟೆಯ ಸಕ್ಕರೆ 148, ಎಚ್‌ಬಿಎ1ಸಿ 7.6. ವೈದ್ಯರು ಅನ್ನ ಕಡಿಮೆ ಮಾಡಿದಿರಾ ಎಂದು ಕೇಳುತ್ತಾರೆ. ಮಾಡಿದ್ದೇನೆ ಸಾರ್ ಎನ್ನುತ್ತಾರೆ ಇವರು, ಅದೂ ನಿಜವೇ. ಸಂಜೆ ನಾಲ್ಕಕ್ಕೆ ಬೇಕರಿಯ ಪಫ್ಸು, ಎರಡು ಸಲ ಸಕ್ಕರೆ ಹಾಕಿದ ಕಾಫಿ, ಹನ್ನೊಂದಕ್ಕೆ ಒಂದು ಹಿಡಿ ಮಿಕ್ಸ್ಚರ್ ಇವರ ಲೆಕ್ಕಕ್ಕೇ ಬಂದಿರುವುದಿಲ್ಲ. ಎಷ್ಟು ಹೊತ್ತು ಮಲಗುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಚೀಟಿಗೆ ಗ್ಲಿಮೆಪಿರೈಡ್ ಸೇರುತ್ತದೆ.

ಎರಡು ತಿಂಗಳಿಗೆ ಆ ಕೆಲಸ ಮುಗಿಯುತ್ತದೆ. ಏಳು ಗಂಟೆ ನಿದ್ದೆ ಬರತೊಡಗುತ್ತದೆ, ಕುರುಕಲು ತಾನೇ ತಗ್ಗುತ್ತದೆ, ಇನ್ಸುಲಿನ್ ಮತ್ತೆ ಸರಿಯಾಗಿ ಕೆಲಸ ಮಾಡುತ್ತದೆ. ಆದರೆ ಗ್ಲಿಮೆಪಿರೈಡ್ ಹಾಗೇ ಉಳಿದಿದೆ. ರಕ್ತದಲ್ಲಿ ಸಕ್ಕರೆ ಎಷ್ಟೇ ಇರಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುವ ಮಾತ್ರೆ. ರಾತ್ರಿ ಊಟ ಬಿಟ್ಟ ಒಂದು ದಿನ ಮೂರು ಗಂಟೆಗೆ ಬೆವರಿ, ಎದೆ ಹೊಡೆದುಕೊಂಡು ಎಚ್ಚರವಾಗುತ್ತದೆ. ಗಾಬರಿಯಲ್ಲಿ ಸಿಕ್ಕಷ್ಟು ಸಿಹಿ ತಿಂದು ಮಲಗುತ್ತಾರೆ, ಬೆಳಗಿನ ಸಕ್ಕರೆ 170 ತೋರಿಸುತ್ತದೆ. ರಾತ್ರಿ ನಡೆದದ್ದು ತಿಳಿಯದೆ ಆ ಒಂದು ಅಂಕಿಯನ್ನು ಮಾತ್ರ ನೋಡಿದ ವೈದ್ಯರು ಮಾತ್ರೆ ಹೆಚ್ಚಿಸಿದರೆ ಅಪಾಯ ಇಮ್ಮಡಿಯಾಗುತ್ತದೆ.

ಭಾನುವಾರ ಮಧ್ಯಾಹ್ನದವರೆಗೆ ಮಲಗಿ ಲೆಕ್ಕ ಸರಿಮಾಡುತ್ತೇನೆ ಎನ್ನುವವರಿಗೆ 2019ರ ಕೊಲರಾಡೊ ಅಧ್ಯಯನ ಭರವಸೆ ಕೊಡುವುದಿಲ್ಲ. ವಾರಾಂತ್ಯ ಬೇಕಾದಷ್ಟು ಮಲಗಿ ಮತ್ತೆ ಕಡಿಮೆ ನಿದ್ದೆಗೆ ಮರಳಿದವರಲ್ಲಿ ಇನ್ಸುಲಿನ್ನಿನ ಪರಿಣಾಮ ಕುಗ್ಗಿಯೇ ಇತ್ತು.

ಕೆಲವರು ಎಂಟು ಗಂಟೆ ಮಲಗಿಯೂ ದಣಿದೇ ಏಳುತ್ತಾರೆ. ಇಲ್ಲಿ ಎರಡು ಕಾರಣಗಳನ್ನು ಹುಡುಕಬೇಕು. ಸಕ್ಕರೆ 180ರ ಸುತ್ತಮುತ್ತ ದಾಟಿದರೆ ಮೂತ್ರಕ್ಕೆ ಸೋರತೊಡಗುತ್ತದೆ, ತನ್ನ ಜೊತೆ ನೀರನ್ನೂ ಎಳೆದೊಯ್ಯುತ್ತದೆ. ರಾತ್ರಿ ಮೂರು ನಾಲ್ಕು ಸಲ ಎದ್ದವರ ನಿದ್ದೆ ತುಂಡಾಗುತ್ತದೆ, ತುಂಡಾದ ನಿದ್ದೆ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಎರಡನೆಯದು ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ. ಅಮೆರಿಕದಲ್ಲಿ ಬೊಜ್ಜು ಮತ್ತು ಮಧುಮೇಹ ಎರಡೂ ಇದ್ದ 306 ಮಂದಿಯನ್ನು ಪರೀಕ್ಷಿಸಿದಾಗ ಶೇ 86ರಷ್ಟು ಜನರಲ್ಲಿ ಇದು ಕಂಡಿತ್ತು. ಉಸಿರು ಕಟ್ಟಿದ್ದು ಮಲಗಿದವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿದ್ದವರೇ ಹೇಳಬೇಕು. ಇಂಥವರು ಪರೀಕ್ಷೆ ಮಾಡಿಸದೆ ನಿದ್ದೆ ಮಾತ್ರೆ ನುಂಗಿದರೆ ಉಸಿರಿನ ತೊಂದರೆ ಹೆಚ್ಚಬಹುದು. ಉಸಿರಿಗೆ ನೆರವಾಗುವ ಸಿ-ಪ್ಯಾಪ್ ಯಂತ್ರದಿಂದ ನಿದ್ದೆ ಸುಧಾರಿಸುತ್ತದೆ. ಸಕ್ಕರೆಯೂ ಇಳಿಯುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ.

ಸಕ್ಕರೆ ಬರೆದಿಡುವ ಪುಸ್ತಕ ಇರುವವರು ಎರಡು ವಾರ ಅದರ ಪಕ್ಕದಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂಬುದನ್ನೂ ಬರೆಯಬೇಕು. ನಿದ್ದೆ ಕಡಿಮೆಯಾದ ರಾತ್ರಿಗಳ ಮರುದಿನ ಖಾಲಿ ಹೊಟ್ಟೆಯ ಅಂಕಿ ಏರುತ್ತಿದ್ದರೆ ಆ ಪುಟವನ್ನು ವೈದ್ಯರ ಮುಂದಿಡಬೇಕು. ಬೆವರಿ ಎಚ್ಚರವಾದರೆ ಆಗಲೇ ಬೆರಳು ಚುಚ್ಚಿ ನೋಡಿ, 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ನಿದ್ದೆ ಸುಧಾರಿಸಿ ಅಂಕಿಗಳು ಇಳಿಯತೊಡಗಿದಾಗ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ವೈದ್ಯರಿಗೆ ಫೋನ್ ಮಾಡಿ, ಡೋಸ್ ತಗ್ಗಿಸಬೇಕೇ ಎಂದು ಕೇಳಬೇಕು.